ಎರಡು ಬಿಂದು, ಒಂದು ಗೆರೆ: ಅಂಕಗಳ ಡಂಬೆಲ್ ನಕ್ಷೆಯನ್ನು ಓದುವ ಬಗೆ

ಶಾಲೆಯೊಂದರ ವಾರ್ಷಿಕ ವರದಿಯಲ್ಲಿ ಮಕ್ಕಳ ಪ್ರಗತಿಯನ್ನು ತೋರಿಸುವ ಕ್ರಮ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು, ಶೇಕಡಾವಾರು ಎಷ್ಟು ಎಂಬ ಮೂರು ಅಂಕಣಗಳ ಪಟ್ಟಿಯೇ ಬಹುಕಾಲ ಸಾಕಾಗಿತ್ತು. ಈಗ ಬೋಧನೆಗೆ ಮುನ್ನ ಮಗು ಎಲ್ಲಿತ್ತು, ಬೋಧನೆಯ ತರುವಾಯ ಎಲ್ಲಿಗೆ ಬಂದಿತು ಎಂಬುದನ್ನು ತೋರಿಸಬೇಕೆಂಬ ಅಪೇಕ್ಷೆ ಬೆಳೆದಿದೆ. ಕರ್ನಾಟಕದ ಶಾಲೆಗಳಲ್ಲಿ ವರ್ಷಾರಂಭಕ್ಕೆ ನಡೆಯುವ ಸೇತುಬಂಧ ಕಾರ್ಯಕ್ರಮದಲ್ಲಿ ಮೊದಲು ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ ಇರುವುದರಿಂದ ಇಂತಹ ಜೋಡಿ ಅಂಕಗಳು ಪ್ರತಿಯೊಂದು ಶಾಲೆಯಲ್ಲಿಯೂ ತಾವಾಗಿಯೇ ದೊರೆಯುತ್ತವೆ. ಆ ಜೋಡಿಗಳನ್ನು ಚಿತ್ರಿಸಲು ಬಳಕೆಗೆ ಬಂದಿರುವುದೇ ಡಂಬೆಲ್ ನಕ್ಷೆ.

ವ್ಯಾಯಾಮ ಮಾಡುವವರು ಕೈಯಲ್ಲಿ ಹಿಡಿಯುವ ಡಂಬೆಲ್ಲಿಗೆ ಎರಡು ತುದಿಗಳಲ್ಲಿ ಗುಂಡುಗಳಿದ್ದು ನಡುವೆ ಹಿಡಿಯಿರುವಂತೆ, ಈ ನಕ್ಷೆಯಲ್ಲಿಯೂ ಎರಡು ಬಿಂದುಗಳ ನಡುವೆ ಒಂದು ಗೆರೆಯಿರುತ್ತದೆ. ಹೆಸರು ಬಂದದ್ದು ಆ ಆಕಾರದಿಂದ. ಅದನ್ನು ಬರೆಯುವ ವಿಧಾನ ಸರಳವಾದುದು. ಹಾಳೆಯ ಎಡಬದಿಯಲ್ಲಿ ವಿದ್ಯಾರ್ಥಿಗಳ ಗುಂಪುಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆಯಬೇಕು. ಕೆಳಗೆ ಅಡ್ಡಲಾಗಿ ಅಂಕಗಳ ಅಳತೆಗೆರೆಯನ್ನು ಎಳೆಯಬೇಕು. ಪ್ರತಿಯೊಂದು ಗುಂಪಿನ ಎದುರಿಗೆ ಮೊದಲ ಪರೀಕ್ಷೆಯ ಸರಾಸರಿ ಬೀಳುವ ಸ್ಥಾನದಲ್ಲಿ ಒಂದು ಟೊಳ್ಳು ಬಿಂದುವನ್ನು, ಕೊನೆಯ ಪರೀಕ್ಷೆಯ ಸರಾಸರಿ ಬೀಳುವ ಸ್ಥಾನದಲ್ಲಿ ಒಂದು ತುಂಬಿದ ಬಿಂದುವನ್ನು ಇಟ್ಟು, ಎರಡನ್ನೂ ಗೆರೆಯಿಂದ ಕೂಡಿಸಬೇಕು. ಬಣ್ಣವಿಲ್ಲದ ಮುದ್ರಣದಲ್ಲಿಯೂ ಯಾವುದು ಮೊದಲಿನದು, ಯಾವುದು ಕೊನೆಯದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗುಂಪುಗಳನ್ನು ಅಕಾರಾದಿಯಾಗಿ ಜೋಡಿಸದೆ ಅಂಕಗಳ ಏರಿಳಿತದ ಕ್ರಮದಲ್ಲಿ ಜೋಡಿಸಿದರೆ ಓದುವವರ ಕಣ್ಣಿಗೆ ಶ್ರಮವಿರುವುದಿಲ್ಲ.

ಎರಡೆರಡು ಕಂಬಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವ ಹಳೆಯ ಕ್ರಮಕ್ಕಿಂತ ಇದು ಮೇಲೆಂಬುದಕ್ಕೆ ಆಧಾರವಿದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬುವರು 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನುಷ್ಯನ ಕಣ್ಣು ಯಾವ ಬಗೆಯ ಚಿತ್ರದಿಂದ ಪರಿಮಾಣವನ್ನು ಹೆಚ್ಚು ನಿಖರವಾಗಿ ಗ್ರಹಿಸುತ್ತದೆ ಎಂಬುದನ್ನು ಪ್ರಯೋಗದಿಂದ ಪರಿಶೀಲಿಸಿದರು. ಒಂದೇ ಅಳತೆಗೆರೆಯ ಮೇಲಣ ಸ್ಥಾನವನ್ನು ಕಣ್ಣು ಚೆನ್ನಾಗಿ ಓದುತ್ತದೆ. ಕೋನವನ್ನಾಗಲಿ ವಿಸ್ತಾರವನ್ನಾಗಲಿ ಅಷ್ಟು ಚೆನ್ನಾಗಿ ಓದಲಾರದು. ಕ್ಲೀವ್‌ಲೆಂಡರು ಪ್ರಚುರಪಡಿಸಿದ ಬಿಂದುನಕ್ಷೆಯ ಬಳಗಕ್ಕೆ ಸೇರಿದುದೇ ಡಂಬೆಲ್ ನಕ್ಷೆ. ಇದರಲ್ಲಿ ಮೂರು ಸಂಗತಿಗಳು ಒಂದೇ ನೋಟಕ್ಕೆ ದೊರೆಯುತ್ತವೆ: ಗುಂಪು ಹೊರಟ ಸ್ಥಳ, ತಲುಪಿದ ಸ್ಥಳ, ನಡೆದ ದೂರ. ಟೊಳ್ಳು ಬಿಂದುಗಳನ್ನು ಮಾತ್ರ ಮೇಲಿನಿಂದ ಕೆಳಕ್ಕೆ ನೋಡಿದರೆ ಗುಂಪುಗಳ ನಡುವೆ ಮೊದಲು ಎಷ್ಟು ಅಂತರವಿತ್ತೆಂಬುದೂ, ತುಂಬಿದ ಬಿಂದುಗಳನ್ನು ನೋಡಿದರೆ ಈಗ ಎಷ್ಟು ಉಳಿದಿದೆ ಎಂಬುದೂ ತಿಳಿಯುತ್ತದೆ.

ಇಷ್ಟು ಗುಣಗಳಿದ್ದರೂ ಈ ನಕ್ಷೆಯಲ್ಲಿ ಒಂದು ಅಪಾಯವಿದೆ. ಎರಡು ಬಿಂದುಗಳನ್ನು ಗೆರೆಯಿಂದ ಕೂಡಿಸಿದ ಕೂಡಲೇ ಅದೇ ಮಕ್ಕಳು ಇಲ್ಲಿಂದ ಅಲ್ಲಿಗೆ ನಡೆದರೆಂದೂ, ಅವರನ್ನು ನಡೆಯಿಸಿದುದು ಬೋಧನೆಯೇ ಎಂದೂ ಓದುಗನ ಮನಸ್ಸು ತೀರ್ಮಾನಿಸಿಬಿಡುತ್ತದೆ. ಗೆರೆಯಾದರೋ ಇವೆರಡರಲ್ಲಿ ಯಾವುದನ್ನೂ ಹೇಳುವುದಿಲ್ಲ. ಅದು ಎರಡು ಸರಾಸರಿಗಳ ನಡುವಣ ವ್ಯತ್ಯಾಸವನ್ನಷ್ಟೆ ಹೇಳುತ್ತದೆ. ಉದ್ದನೆಯ ಗೆರೆಯನ್ನು ಕಂಡು ಒಬ್ಬ ಅಧ್ಯಾಪಕರನ್ನು ಹೊಗಳುವುದು, ಗಿಡ್ಡ ಗೆರೆಯನ್ನು ಕಂಡು ಇನ್ನೊಬ್ಬರನ್ನು ಪ್ರಶ್ನಿಸುವುದು, ಯಾವ ಗುಂಪಿಗೆ ಮುಂದಿನ ವರ್ಷ ವಿಶೇಷ ಬೋಧನೆ ಬೇಡವೆಂದು ನಿರ್ಧರಿಸುವುದು, ಇವೆಲ್ಲ ಆ ಗೆರೆಯ ಬಲದಿಂದಲೇ ನಡೆಯುವುದಾದರೆ ಅನ್ಯಾಯ ತಪ್ಪದು. ಅನ್ಯಾಯ ಹೇಗಾಗುತ್ತದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ಪರಿಶೀಲಿಸಬಹುದು.

ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ಕನ್ನಡ ವಾಚನ ಮತ್ತು ಗ್ರಹಿಕೆಯ ಬಗ್ಗೆ 50 ಅಂಕಗಳ ಪರೀಕ್ಷೆ ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ನಡೆಯಿತೆಂದು ಭಾವಿಸೋಣ. ನಡುವೆ ದಿನಕ್ಕೊಂದು ಗಂಟೆಯ ವಿಶೇಷ ಬೋಧನೆ ನಡೆದಿದೆ. ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. ಊರಿನಲ್ಲಿಯೇ ಮನೆಯಿರುವ 40 ಮಕ್ಕಳ ಸರಾಸರಿ 31ರಿಂದ 36ಕ್ಕೆ ಏರಿತು. ಉಚಿತ ವಿದ್ಯಾರ್ಥಿನಿಲಯದಲ್ಲಿರುವ 30 ಮಕ್ಕಳ ಸರಾಸರಿ 24ರಿಂದ 32ಕ್ಕೆ ಏರಿತು. ಸುತ್ತಣ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ 20 ಮಕ್ಕಳ ಸರಾಸರಿ 22ರಿಂದ 31ಕ್ಕೆ ಏರಿತು. ಮನೆಮಾತು ಬೇರೆಯಿರುವ 4 ಮಕ್ಕಳ ಸರಾಸರಿ 18ರಿಂದ 30ಕ್ಕೆ ಏರಿತು.

ಇದನ್ನು ಡಂಬೆಲ್ ನಕ್ಷೆಯಾಗಿ ಬರೆದರೆ ನೋಡಲು ಬಹು ಸೊಗಸು. ಮೇಲಿನಿಂದ ಕೆಳಗೆ ಬಂದಂತೆ ಗೆರೆಗಳು ಐದು, ಎಂಟು, ಒಂಬತ್ತು, ಹನ್ನೆರಡು ಅಂಕಗಳಷ್ಟು ಉದ್ದವಾಗುತ್ತ ಹೋಗುತ್ತವೆ. ಮೊದಲು 13 ಅಂಕಗಳಷ್ಟಿದ್ದ ಮೇಲು ಕೆಳಗಿನ ಅಂತರ ಕೊನೆಗೆ ಆರಕ್ಕೆ ಇಳಿದಿದೆ. ಹಿಂದುಳಿದವರೇ ಹೆಚ್ಚು ಮುಂದುವರಿದರೆಂದು ಯಾರಿಗಾದರೂ ತೋರುವುದು ಸಹಜ. ಮುಂದಿನ ವರ್ಷ ಬಸ್ಸಿನ ಮಕ್ಕಳಿಗೆ ವಿಶೇಷ ಬೋಧನೆಯ ಅಗತ್ಯ ಅಷ್ಟಾಗಿ ಇಲ್ಲವೆಂದು ಆಡಳಿತ ಮಂಡಳಿ ಭಾವಿಸಿದರೂ ಆಶ್ಚರ್ಯವಿಲ್ಲ.

ಆದರೆ ಹಾಜರಿ ಪುಸ್ತಕವನ್ನು ತೆರೆದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಬಸ್ಸಿನಲ್ಲಿ ಬರುವ 20 ಮಕ್ಕಳೂ ಮೊದಲ ಪರೀಕ್ಷೆಗೆ ಕುಳಿತಿದ್ದರು. ಕೊನೆಯ ಪರೀಕ್ಷೆಗೆ ಕುಳಿತವರು 15 ಮಂದಿ ಮಾತ್ರ. ಬಾರದೆ ಹೋದ ಐವರ ಮೊದಲ ಪರೀಕ್ಷೆಯ ಸರಾಸರಿ ಕೇವಲ 10. ಉಳಿದ ಹದಿನೈದು ಮಂದಿಯ ಮೊದಲ ಪರೀಕ್ಷೆಯ ಸರಾಸರಿಯನ್ನು ಪ್ರತ್ಯೇಕವಾಗಿ ಲೆಕ್ಕಮಾಡಿದರೆ ಅದು 26. ಎಂದರೆ ಆ ಹದಿನೈದು ಮಕ್ಕಳು 26ರಿಂದ 31ಕ್ಕೆ ಬಂದವರು. ಅವರು ಗಳಿಸಿದುದು ಊರಿನ ಮಕ್ಕಳಂತೆಯೇ ಐದು ಅಂಕ. ನಕ್ಷೆಯ ಗೆರೆಯಲ್ಲಿ ಕಾಣುವ ಒಂಬತ್ತು ಅಂಕಗಳಲ್ಲಿ ನಾಲ್ಕು, ಯಾರೂ ಏನೂ ಕಲಿಯದೆ ಬಂದವು. ಅತ್ಯಂತ ದುರ್ಬಲರಾದ ಐದು ಮಕ್ಕಳು ಲೆಕ್ಕದಿಂದ ಕಳಚಿಹೋದುದರಿಂದಲೇ ಗುಂಪಿನ ಸರಾಸರಿ ಏರಿತು. ಶಾಲೆಯ ಅತ್ಯಂತ ದೊಡ್ಡ ಚಿಂತೆಯಾಗಬೇಕಾಗಿದ್ದ ಸಂಗತಿ ನಕ್ಷೆಯಲ್ಲಿ ಸಾಧನೆಯ ವೇಷದಲ್ಲಿ ಬಂದು ನಿಂತಿತು. ಆ ಐವರು ಏಕೆ ಬರಲಿಲ್ಲ, ಸುಗ್ಗಿಯ ಕೆಲಸಕ್ಕೆ ಹೋದರೇ, ಬಸ್ಸು ತಪ್ಪಿತೇ, ಶಾಲೆಯನ್ನೇ ಬಿಟ್ಟರೇ ಎಂದು ವಿಚಾರಿಸಬೇಕಾದ ಹೊತ್ತಿಗೆ ಅವರ ಗುಂಪಿಗೆ ವಿಶೇಷ ಬೋಧನೆ ಬೇಡವೆಂಬ ಮಾತು ಹೊರಟರೆ, ಅದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ.

ಆದುದರಿಂದ ಈ ನಕ್ಷೆಗೆ ಮೊದಲನೆಯ ನಿಯಮ ಇದು: ಗೆರೆಯ ಎರಡು ತುದಿಗಳಲ್ಲಿಯೂ ಅವೇ ಮಕ್ಕಳಿರಬೇಕು. ಎರಡೂ ಪರೀಕ್ಷೆಗಳಿಗೆ ಕುಳಿತವರನ್ನು ಹೆಸರು ಹಿಡಿದು ಹೊಂದಿಸಿಕೊಂಡು, ಅವರ ಅಂಕಗಳಿಂದಲೇ ಎರಡು ಸರಾಸರಿಗಳನ್ನೂ ತೆಗೆಯಬೇಕು. ಒಂದು ಪರೀಕ್ಷೆಗೆ ಮಾತ್ರ ಬಂದವರ ಸಂಖ್ಯೆಯನ್ನೂ ಅವರ ಅಂಕಗಳನ್ನೂ ನಕ್ಷೆಯ ಬದಿಯಲ್ಲಿ ಪ್ರತ್ಯೇಕವಾಗಿ ತಿಳಿಸಬೇಕು. ಮಧ್ಯದಲ್ಲಿ ಸೇರಿದ ಮಕ್ಕಳಿಗೂ ಇದೇ ನ್ಯಾಯ. ಮುದ್ರಿತ ನಕ್ಷೆಯಲ್ಲಿ ಗುಂಪಿನ ಹೆಸರಿನ ಮುಂದೆ ಎರಡೂ ಸಲ ಬಂದವರ ಸಂಖ್ಯೆ ಇಲ್ಲದಿದ್ದರೆ ಈ ದೋಷ ಒಳಗೆ ಇರಬಹುದೆಂದು ಓದುಗನು ಶಂಕಿಸುವುದು ಸರಿ.

ಇನ್ನು ಹನ್ನೆರಡು ಅಂಕಗಳ ಅತಿ ಉದ್ದದ ಗೆರೆಯನ್ನು ನೋಡಬೇಕು. ಮನೆಮಾತು ಬೇರೆಯಿರುವ ನಾಲ್ವರು ಮಕ್ಕಳು ಮೊದಲು ಪಡೆದ ಅಂಕಗಳು 12, 16, 20, 24. ಕೊನೆಗೆ ಪಡೆದವು ಅನುಕ್ರಮವಾಗಿ 42, 22, 28, 28. ಮೂವರು ಆರು, ಎಂಟು, ನಾಲ್ಕು ಅಂಕಗಳಷ್ಟು ಮುಂದುವರಿದರೆ ಒಬ್ಬನು ಮಾತ್ರ ಮೂವತ್ತು ಅಂಕಗಳಷ್ಟು ಹಾರಿದ್ದಾನೆ. ವಿಚಾರಿಸಿದಾಗ ಮೊದಲ ಪರೀಕ್ಷೆಯ ದಿನ ಆ ಹುಡುಗನು ಜ್ವರದಿಂದ ನರಳುತ್ತಿದ್ದು ಉತ್ತರಪತ್ರಿಕೆಯ ಹೆಚ್ಚಿನ ಭಾಗವನ್ನು ಖಾಲಿ ಬಿಟ್ಟಿದ್ದನೆಂದು ತಿಳಿದುಬರುತ್ತದೆ. ಅವನನ್ನು ಬಿಟ್ಟು ಮಿಕ್ಕ ಮೂವರ ಸರಾಸರಿಯನ್ನು ತೆಗೆದರೆ 20ರಿಂದ 26. ಹನ್ನೆರಡು ಅಂಕದ ಗೆರೆ ಆರು ಅಂಕಕ್ಕೆ ಕುಗ್ಗುತ್ತದೆ. ಒಬ್ಬ ಹುಡುಗನ ಒಂದು ದಿನದ ಜ್ವರ ಗೆರೆಯ ಅರ್ಧ ಉದ್ದವನ್ನು ಎಳೆದಿತ್ತು. ನಲವತ್ತು ಮಕ್ಕಳ ಗುಂಪಿನಲ್ಲಿ ಇಂತಹ ಒಬ್ಬನಿದ್ದರೆ ಸರಾಸರಿ ಒಂದು ಅಂಕದಷ್ಟೂ ಕದಲುತ್ತಿರಲಿಲ್ಲ.

ನಕ್ಷೆಯಲ್ಲಾದರೋ ನಲವತ್ತು ಮಕ್ಕಳ ಬಿಂದುವೂ ನಾಲ್ಕು ಮಕ್ಕಳ ಬಿಂದುವೂ ಒಂದೇ ಗಾತ್ರದವು, ಒಂದೇ ಕಪ್ಪಿನವು. ಅವೆರಡಕ್ಕೂ ಸಮಾನವಾದ ಪ್ರಾಮಾಣ್ಯವಿದೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಂದ. ಇದಕ್ಕೆ ಪರಿಹಾರ ಕಷ್ಟವಲ್ಲ. ಗುಂಪು ಹತ್ತು ಮಂದಿಗಿಂತ ಚಿಕ್ಕದಾಗಿದ್ದರೆ ಸರಾಸರಿಯ ಡಂಬೆಲ್ಲನ್ನು ಬರೆಯದೆ, ಪ್ರತಿಯೊಂದು ಮಗುವಿಗೂ ಒಂದೊಂದು ತೆಳುವಾದ ಗೆರೆಯನ್ನು ಎಳೆಯುವುದು ಲೇಸು. ಹಾಗೆ ಎಳೆದಿದ್ದರೆ ಮೂರು ಗಿಡ್ಡ ಗೆರೆಗಳ ಪಕ್ಕದಲ್ಲಿ ಒಂದು ನೀಳವಾದ ಗೆರೆ ತಾನಾಗಿಯೇ ಎದ್ದು ಕಂಡು, ಇದೇನೆಂದು ಕೇಳುವಂತೆ ಮಾಡುತ್ತಿತ್ತು. ಆದರೆ ಇಷ್ಟು ಚಿಕ್ಕ ಗುಂಪಿನ ಮಕ್ಕಳು ಯಾರೆಂಬುದು ಊರಿನವರಿಗೆಲ್ಲ ಗೊತ್ತಿರುವುದರಿಂದ, ಅಂತಹ ನಕ್ಷೆ ಅಧ್ಯಾಪಕರ ಕೊಠಡಿಯಲ್ಲಿರಬೇಕೇ ಹೊರತು ಮುದ್ರಿತವಾಗಿ ಹಂಚಿಕೆಯಾಗಬಾರದು.

ಮೂರನೆಯದಾದ ದೋಷ ಇವೆರಡಕ್ಕಿಂತ ಸೂಕ್ಷ್ಮವಾದುದು. ಒಳ್ಳೆಯ ಉದ್ದೇಶದಿಂದ ದುಡಿಯುವವರೂ ಇದರಲ್ಲಿ ಸಿಲುಕುತ್ತಾರೆ. ಅನೇಕ ಶಾಲೆಗಳಲ್ಲಿ ಗುಂಪುಗಳನ್ನು ಮಾಡುವುದು ಮೊದಲ ಪರೀಕ್ಷೆಯ ಅಂಕಗಳನ್ನೇ ನೋಡಿ. ಕಡಿಮೆ ಅಂಕ ಬಂದವರು ಒಂದು ಗುಂಪು, ನಡುವಿನವರು ಇನ್ನೊಂದು, ಹೆಚ್ಚು ಬಂದವರು ಮತ್ತೊಂದು. ಆಮೇಲೆ ಅದೇ ಅಂಕಗಳನ್ನು ಡಂಬೆಲ್ಲಿನ ಎಡ ಬಿಂದುವಾಗಿ ಇಡುತ್ತಾರೆ. ಹೀಗೆ ಮಾಡಿದಾಗ ಕೆಳಗಿನ ಗುಂಪಿನ ಗೆರೆ ನಿಜಕ್ಕಿಂತ ಉದ್ದವಾಗಿಯೂ ಮೇಲಿನ ಗುಂಪಿನ ಗೆರೆ ನಿಜಕ್ಕಿಂತ ಗಿಡ್ಡವಾಗಿಯೂ ಕಾಣುತ್ತದೆ.

ಇದಕ್ಕೆ ಕಾರಣವಿಷ್ಟೆ. ಯಾವುದೇ ಪರೀಕ್ಷೆಯ ಅಂಕದಲ್ಲಿ ಮಗುವಿನ ನಿಜವಾದ ತಿಳಿವಳಿಕೆಯ ಪಾಲು ಒಂದಿದ್ದರೆ ಆ ದಿನದ ಅದೃಷ್ಟದ ಪಾಲು ಇನ್ನೊಂದಿರುತ್ತದೆ. ಓದಿದ ಪಾಠವೇ ಬಂದದ್ದು, ನಿದ್ದೆಗೆಟ್ಟು ಬಂದದ್ದು, ಊಹಿಸಿ ಗುರುತು ಹಾಕಿದ ಉತ್ತರ ಸರಿಯಾದದ್ದು, ಎಲ್ಲವೂ ಇದರಲ್ಲಿ ಸೇರುತ್ತವೆ. ಅತಿ ಕಡಿಮೆ ಅಂಕದವರನ್ನು ಆರಿಸಿದಾಗ ನಿಜವಾಗಿ ತಿಳಿಯದವರೊಂದಿಗೆ ಅಂದು ಅದೃಷ್ಟ ಕೈಕೊಟ್ಟವರೂ ಆ ಗುಂಪಿಗೆ ಬಂದು ಸೇರುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಅದೃಷ್ಟ ಮತ್ತೆ ಅದೇ ರೀತಿ ಕೈಕೊಡಬೇಕೆಂಬ ನಿಯಮವಿಲ್ಲ. ಆದುದರಿಂದ ಬೋಧನೆ ನಡೆಯದಿದ್ದರೂ ಆ ಗುಂಪಿನ ಸರಾಸರಿ ಮೇಲೇರುತ್ತದೆ. ಅದೇ ಕಾರಣಕ್ಕಾಗಿ ಮೇಲಿನ ಗುಂಪಿನ ಸರಾಸರಿ ಇಳಿಯುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ, ಬಹಳ ಎತ್ತರವಾದವರ ಮಕ್ಕಳು ಸಾಮಾನ್ಯವಾಗಿ ತಂದೆತಾಯಿಗಳಷ್ಟು ಎತ್ತರವಾಗಿರದೆ ಸರಾಸರಿಯ ಕಡೆಗೆ ಹತ್ತಿರವಾಗುತ್ತಾರೆಂದೂ, ಬಹಳ ಕುಳ್ಳರ ಮಕ್ಕಳಲ್ಲಿಯೂ ಹಾಗೆಯೇ ಎಂದೂ ತೋರಿಸಿದುದು ಇದೇ ತತ್ತ್ವ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯೆಡೆಗಿನ ಹಿಂಚಲನೆ ಎಂದು ಕರೆಯಬಹುದು.

ಲೆಕ್ಕವನ್ನು ಮಾಡಿ ನೋಡಿದರೆ ಇದರ ಬಲ ತಿಳಿಯುತ್ತದೆ. ಇನ್ನೊಂದು ತರಗತಿಯ ಒಟ್ಟು ಸರಾಸರಿ 27 ಎಂದಿರಲಿ. ಕೆಳಗಿನ ಗುಂಪಿನ ಸರಾಸರಿ 15, ನಡುವಿನದು 27, ಮೇಲಿನದು 39. ಒಂದು ಪರೀಕ್ಷೆಯಲ್ಲಿ ಸರಾಸರಿಯಿಂದ ಇರುವ ಅಂತರದಲ್ಲಿ ಹತ್ತರಲ್ಲಿ ಏಳು ಪಾಲು ಮಾತ್ರ ಮುಂದಿನ ಪರೀಕ್ಷೆಯಲ್ಲಿ ಉಳಿಯುತ್ತದೆ ಎಂದು ಭಾವಿಸೋಣ. ಕೆಳಗಿನ ಗುಂಪು ಸರಾಸರಿಗಿಂತ 12 ಅಂಕ ಹಿಂದಿತ್ತು. ಅದರ ಹತ್ತರಲ್ಲಿ ಏಳು ಪಾಲು 8.4. ಎಂದರೆ ಏನೂ ಕಲಿಸದಿದ್ದರೂ ಆ ಗುಂಪು 15ರಿಂದ 18.6ಕ್ಕೆ ಬರುತ್ತದೆ, ಮೇಲಿನ ಗುಂಪು 39ರಿಂದ 35.4ಕ್ಕೆ ಇಳಿಯುತ್ತದೆ. ಈಗ ಬೋಧನೆಯಿಂದ ಪ್ರತಿಯೊಂದು ಮಗುವಿಗೂ ಸಮನಾಗಿ ನಾಲ್ಕು ಅಂಕ ಲಾಭವಾಯಿತೆಂದು ಕೂಡಿಸಿದರೆ, ಕೆಳಗಿನ ಗುಂಪು 22.6ಕ್ಕೂ ನಡುವಿನದು 31ಕ್ಕೂ ಮೇಲಿನದು 39.4ಕ್ಕೂ ತಲುಪುತ್ತವೆ. ನಕ್ಷೆಯಲ್ಲಿ ಕೆಳಗಿನವರ ಗೆರೆ ಸುಮಾರು ಎಂಟು ಅಂಕದ್ದು, ನಡುವಿನವರದು ನಾಲ್ಕು ಅಂಕದ್ದು, ಮೇಲಿನವರ ಎರಡು ಬಿಂದುಗಳು ಒಂದರ ಮೇಲೊಂದು ಕುಳಿತಂತೆಯೇ ಇರುತ್ತವೆ. ಮೂರು ಗುಂಪುಗಳಿಗೂ ಸಮನಾಗಿ ಫಲಿಸಿದ ಬೋಧನೆಯನ್ನು ನಕ್ಷೆ ದುರ್ಬಲರಿಗೆ ಅಮೃತವೆಂದೂ ಬುದ್ಧಿವಂತರಿಗೆ ನಿಷ್ಫಲವೆಂದೂ ತೋರಿಸಿತು. ಮೇಲಿನ ಗುಂಪಿಗೆ ಪಾಠ ಹೇಳಿದ ಅಧ್ಯಾಪಕರು ಏನೂ ಮಾಡಲಿಲ್ಲವೆಂಬ ಅಪವಾದಕ್ಕೆ ಗುರಿಯಾದರು.

ಇದನ್ನು ತಪ್ಪಿಸಲು ಸುಲಭವಾದ ಒಂದು ಉಪಾಯವಿದೆ: ಆಯ್ಕೆಗೆ ಒಂದು ಪರೀಕ್ಷೆ, ಅಳತೆಗೆ ಇನ್ನೊಂದು ಪರೀಕ್ಷೆ. ಮೊದಲ ಪರೀಕ್ಷೆಯ ಅಂಕಗಳಿಂದ ಗುಂಪುಗಳನ್ನು ಮಾಡಿ, ಬೋಧನೆ ಆರಂಭವಾಗುವ ಮುನ್ನವೇ ಅದೇ ಮಟ್ಟದ ಮತ್ತೊಂದು ಪ್ರಶ್ನೆಪತ್ರಿಕೆಯನ್ನು ಎಲ್ಲರಿಗೂ ಕೊಟ್ಟು, ಈ ಎರಡನೆಯ ಪರೀಕ್ಷೆಯ ಸರಾಸರಿಯನ್ನು ಎಡ ಬಿಂದುವಾಗಿ ಇಡಬೇಕು. ಆಗ ಹಿಂಚಲನೆಯ ಬಹುಪಾಲು ಎಡ ಬಿಂದುವಿಗೆ ಮುಂಚೆಯೇ ಮುಗಿದಿರುತ್ತದೆ. ಮೇಲಣ ಲೆಕ್ಕದಲ್ಲಿ ಕೆಳಗಿನ ಗುಂಪಿನ ಗೆರೆ 18.6ರಿಂದ 22.6ರವರೆಗೂ ಮೇಲಿನ ಗುಂಪಿನ ಗೆರೆ 35.4ರಿಂದ 39.4ರವರೆಗೂ ಇದ್ದು, ಎಲ್ಲ ಗೆರೆಗಳೂ ನಾಲ್ಕು ಅಂಕಗಳಷ್ಟೇ ಆಗುತ್ತವೆ. ಇನ್ನೊಂದು ಪರೀಕ್ಷೆಗೆ ಬಿಡುವಿಲ್ಲದ ಶಾಲೆಗಳು ಹಿಂದಿನ ವರ್ಷದ ಅಂಕಗಳಿಂದ ಗುಂಪುಗಳನ್ನು ಮಾಡಿ, ಈ ವರ್ಷದ ಪೂರ್ವ ಪರೀಕ್ಷೆಯನ್ನು ಅಳತೆಗೆ ಬಳಸಬಹುದು. ಆಯ್ಕೆಗೆ ಬಳಸಿದ ಅಂಕವನ್ನೇ ಅಳತೆಗೂ ಬಳಸಬಾರದೆಂಬುದು ಇಲ್ಲಿಯ ಸಾರ.

ಒಂದು ಆಕ್ಷೇಪಣೆಗೆ ಇಲ್ಲಿ ಉತ್ತರ ಹೇಳಬೇಕಾಗಿದೆ. ಪಾಲಕರಿಗೂ ಪೋಷಕರಿಗೂ ಬೇಕಾಗಿರುವುದು ಒಂದು ಸರಳ ಚಿತ್ರ. ಸಂಖ್ಯೆ, ಟಿಪ್ಪಣಿ, ಷರತ್ತುಗಳಿಂದ ಅದನ್ನು ತುಂಬಿದರೆ ಯಾರೂ ನೋಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಚಿತ್ರ ಸರಳವಾಗಿಯೇ ಇರಬೇಕು. ಆದರೆ ಮೇಲೆ ಹೇಳಿದ ತಿದ್ದುಪಡಿಗಳಲ್ಲಿ ಹೆಚ್ಚಿನವು ಚಿತ್ರ ಬರೆಯುವುದಕ್ಕೆ ಮೊದಲು ಲೆಕ್ಕದಲ್ಲಿ ಆಗತಕ್ಕವು. ಚಿತ್ರಕ್ಕೆ ಹೊಸದಾಗಿ ಸೇರುವುದು ಪ್ರತಿ ಗುಂಪಿನ ಹೆಸರಿನ ಮುಂದೆ ಒಂದು ಸಂಖ್ಯೆ, ಕೆಳಗೆ ಒಂದೇ ಒಂದು ಸಾಲು. ನಿದರ್ಶನದ ಶಾಲೆಯ ನಕ್ಷೆಯ ಕೆಳಗೆ, ಬಸ್ಸಿನಲ್ಲಿ ಬರುವ 20 ಮಕ್ಕಳಲ್ಲಿ ಐವರು ಕೊನೆಯ ಪರೀಕ್ಷೆಗೆ ಬರಲಿಲ್ಲ, ಮೊದಲ ಪರೀಕ್ಷೆಯಲ್ಲಿ ಅವರ ಸರಾಸರಿ 10 ಆಗಿತ್ತು ಎಂದು ಬರೆದರೆ ಯಾವ ಪಾಲಕನಿಗೂ ಅದು ಅರ್ಥವಾಗದ ಮಾತಲ್ಲ. ಮಿಕ್ಕ ಎಲ್ಲ ಗೆರೆಗಳಿಗಿಂತ ಆ ಒಂದು ಸಾಲೇ ಸಭೆಯಲ್ಲಿ ಹೆಚ್ಚು ಪ್ರಶ್ನೆಗಳನ್ನು ಎಬ್ಬಿಸೀತು, ಎಬ್ಬಿಸಬೇಕಾದುದೂ ಹೌದು.

ಇಷ್ಟೆಲ್ಲ ಶೋಧಿಸಿದ ಮೇಲೆ ನಿದರ್ಶನದ ನಕ್ಷೆಯಲ್ಲಿ ಏನು ಉಳಿಯಿತು? ಊರಿನ ಮಕ್ಕಳು ಐದು ಅಂಕ, ಬಸ್ಸಿನ ಹದಿನೈದು ಮಕ್ಕಳೂ ಐದು ಅಂಕ, ಬೇರೆ ಮನೆಮಾತಿನವರಲ್ಲಿ ಮೂವರು ಸುಮಾರು ಆರು ಅಂಕ ಮುಂದುವರಿದಿದ್ದಾರೆ. ವಿದ್ಯಾರ್ಥಿನಿಲಯದ ಮೂವತ್ತು ಮಕ್ಕಳೂ ಎರಡು ಪರೀಕ್ಷೆಗಳಿಗೂ ಕುಳಿತವರು. ಅವರ ಎಂಟು ಅಂಕದ ಗೆರೆಯೊಂದೇ ಮೊದಲಿದ್ದಂತೆಯೇ ನಿಂತಿದೆ. ಮೊದಲ ನೋಟದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಗೆರೆಯೇ ವಾಸ್ತವವಾಗಿ ಎಲ್ಲಕ್ಕಿಂತ ಉದ್ದವಾದುದು. ಆದರೂ ಅದು ಎಂಟನೆಯ ತರಗತಿಯ ವಿಶೇಷ ಬೋಧನೆಯ ಫಲವೆಂದು ಹೇಳಲು ಸಾಧ್ಯವಿಲ್ಲ. ಏಕೆಂದರೆ ಆ ಬೋಧನೆ ನಾಲ್ಕು ಗುಂಪುಗಳಿಗೂ ಸಮನಾಗಿ ದೊರೆತಿತ್ತು. ನಿಲಯದಲ್ಲಿ ಸಂಜೆಯ ಹೊತ್ತು ಒಟ್ಟಿಗೆ ಕುಳಿತು ಗಟ್ಟಿಯಾಗಿ ಓದುವ ಕ್ರಮವಿದ್ದರೆ ಕಾರಣ ಅದಾಗಿರಬಹುದು. ಹೊತ್ತಿಗೆ ಸರಿಯಾಗಿ ದೊರೆಯುವ ಊಟವೂ ಆಗಿರಬಹುದು. ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ ನಕ್ಷೆ ತೋರಿಸಿದೆ. ಮುಂದಿನ ವರ್ಷ ಆ ಸಂಜೆಯ ಓದನ್ನು ಊರಿನ ಕೆಲವು ಮಕ್ಕಳಿಗೂ ವಿಸ್ತರಿಸಿ, ಅವರ ಗೆರೆ ಉದ್ದವಾಗುವುದೇ ಎಂದು ನೋಡುವುದು ಶಾಲೆಯ ಕೆಲಸ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ: ಎಡಗಡೆ ಟೊಳ್ಳು ಬಿಂದುವಿದ್ದು ಬಲಗಡೆ ಯಾವ ಬಿಂದುವೂ ಇಲ್ಲದ ಆ ಐದು ಮಕ್ಕಳ ಮನೆಗಳಿಗೆ ಯಾರಾದರೂ ಹೋಗಿ ಬರುವುದು.